ಗೆರೆ ಹೇಳಿದ ಜಾಗದಲ್ಲೇ

ಆನೇಕಲ್ ತಾಲ್ಲೂಕಿನ ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ಗ್ರಾನೈಟ್ ಕೊಯ್ಯುವ, ಪಾಲಿಶ್ ಮಾಡುವ ಘಟಕಗಳಿವೆ. ಇಂಥ ಒಂದು ಘಟಕದ ಅಂಗಳವನ್ನು ಮಕ್ಕಳ ವಿಜ್ಞಾನ ಪುಸ್ತಕವೊಂದರ ಪುಟಕ್ಕೆ ಚಿತ್ರವಾಗಿ ಬರೆಯಬೇಕು ಎಂದುಕೊಳ್ಳಿ. ಎ4 ಹಾಳೆಯನ್ನು ಅಡ್ಡ ಇಟ್ಟು ಕಪ್ಪು ಮಾರ್ಕರ್ ಹಿಡಿದು ಗೀಚಿದ್ದಾಯಿತು. ಎಡಕ್ಕೆ ಎರಡು ಕಾಲಿನ ಗ್ಯಾಂಟ್ರಿ ಕ್ರೇನ್, ಅದರಿಂದ ಎರಡು ಕಡೆ ಬಿಗಿದು ತೂಗುತ್ತಿರುವ ಕಲ್ಲಿನ ಬ್ಲಾಕ್. ಬಲಕ್ಕೆ ನೀರು ಸುರಿಯುತ್ತಾ ಕಲ್ಲು ಕೊಯ್ಯುವ ದೊಡ್ಡ ಚಕ್ರ. ಮುಂದುಗಡೆ ‘ಎ’ ಆಕಾರದ ಸ್ಟ್ಯಾಂಡಿಗೆ ಎರಡೂ ಬದಿಯಿಂದ ಒರಗಿಸಿ ನಿಲ್ಲಿಸಿದ ಸ್ಲ್ಯಾಬುಗಳು. ನಡುವೆ, ಬ್ಲಾಕಿನಿಂದ ದೂರ ಸರಿದು ನಿಂತ ಒಬ್ಬ ಕೆಲಸಗಾರ. ಮೇಲೆ ಬಲಮೂಲೆ ಖಾಲಿ, ಅಲ್ಲಿ ಪಾಠದ ಹೆಸರು ಬರಬೇಕು.

ಈ ಗೀಚಿನಲ್ಲಿ ಅಂದವೇನೂ ಇಲ್ಲ, ಆದರೆ ತೀರ್ಮಾನಗಳು ತುಂಬ ಇವೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಬ್ಲಾಕ್ ಎಂದರೆ 6.75 ಘನಮೀಟರ್ ಕಲ್ಲು. ಗ್ರಾನೈಟ್ ಒಂದು ಘನಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಅಂದರೆ ಆ ಬ್ಲಾಕಿನ ತೂಕ 18 ಟನ್ನಿನ ಮೇಲೆ. ಅದರ ಅಡಿಯಲ್ಲಿ ಮನುಷ್ಯ ನಿಲ್ಲಬಾರದು. ಆದ್ದರಿಂದಲೇ ಕೆಲಸಗಾರನನ್ನು ಪಕ್ಕಕ್ಕೆ ಬರೆದಿರುವುದು. ಚಿತ್ರ ಮುಗಿಯುವಾಗ ಅವನು ಎರಡು ಬೆರಳಿನಷ್ಟು ಎಡಕ್ಕೆ ಸರಿದರೂ ಪುಸ್ತಕ ಮಕ್ಕಳಿಗೆ ಅಪಾಯವನ್ನೇ ಪಾಠ ಮಾಡಿದಂತಾಗುತ್ತದೆ. ಸ್ಲ್ಯಾಬುಗಳ ವಾಲಿಕೆಯೂ ಹಾಗೆಯೇ. ಎರಡು ಸೆಂಟಿಮೀಟರ್ ದಪ್ಪದ, ಆಳೆತ್ತರದ ಕಲ್ಲಿನ ಹಲಗೆ ನೆಟ್ಟಗೆ ನಿಲ್ಲಲಾರದು. ಅದು ಒರಗಿಯೇ ಇರಬೇಕು.

ಗೀಚು ಹೇಳಿದ ಜಾಗವನ್ನು ಕದಲಿಸದೆ ಅದನ್ನು ಬಣ್ಣ, ಬೆಳಕು, ಕಲ್ಲಿನ ಹರಳು, ನೀರಿನ ಮಿಂಚು ಎಲ್ಲವೂ ಇರುವ ಪೂರ್ಣ ಚಿತ್ರವನ್ನಾಗಿ ಮಾಡುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲು ಸಾಧ್ಯವಾದದ್ದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಕೈಯಿಂದ ಬರೆಯುವವರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದರು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಹುಣಿಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲು ರೇಖೆ ಹಾಕಿಕೊಳ್ಳುತ್ತಾರೆ. ಬಣ್ಣ, ಉಬ್ಬುಕೆಲಸ, ಚಿನ್ನದ ರೇಕು ಎಲ್ಲ ಆಮೇಲಿನ ಮಾತು. ಎಲ್ಲಿ ಏನಿರಬೇಕು ಎನ್ನುವುದು ಒಂದು ಹಂತದಲ್ಲಿ ಮುಗಿಯುತ್ತದೆ, ಅದು ಹೇಗೆ ಕಾಣಬೇಕು ಎನ್ನುವುದು ಇನ್ನೊಂದು ಹಂತದಲ್ಲಿ. ಕಂಪ್ಯೂಟರಿನಲ್ಲಿ ತೊಡಕಾಗಿದ್ದು ಈ ಎರಡನ್ನು ಬೇರ್ಪಡಿಸುವುದೇ.

2022ರ ಆಗಸ್ಟಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಮಾದರಿ ಎಲ್ಲರ ಕೈಗೂ ಸಿಗುವಂತೆ ಬಿಡುಗಡೆಯಾಯಿತು. ಮಾತಿನಲ್ಲಿ ವಿವರಿಸಿದರೆ ಅದು ಚಿತ್ರ ಬರೆದುಕೊಡುತ್ತಿತ್ತು. ಅದರ ಕೆಲಸದ ರೀತಿ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಮಾದರಿಯನ್ನು ತರಬೇತುಗೊಳಿಸುವಾಗ ಅಸಂಖ್ಯ ಚಿತ್ರಗಳ ಮೇಲೆ ಗೊತ್ತುಗುರಿಯಿಲ್ಲದ ಚುಕ್ಕಿಗಳನ್ನು, ಅಂದರೆ ನಾಯ್ಸನ್ನು, ಬೆರೆಸುತ್ತಾರೆ. ಬೆರೆಸಿದ ನಾಯ್ಸ್ ಯಾವುದು ಎಂದು ಊಹಿಸುವುದನ್ನು ಮಾದರಿ ಕಲಿಯುತ್ತದೆ. ಕಲಿತ ಮೇಲೆ ಬರೀ ನಾಯ್ಸನ್ನೇ ಮುಂದಿಟ್ಟರೆ, ಸ್ವಲ್ಪ ಸ್ವಲ್ಪವೇ ಕಳೆಯುತ್ತಾ ಹೋಗಿ ಇಪ್ಪತ್ತು ಮೂವತ್ತು ಹೆಜ್ಜೆಗಳಲ್ಲಿ ಹೊಸ ಚಿತ್ರವನ್ನು ಹೊರತೆಗೆಯುತ್ತದೆ. ಯಾವ ದಿಕ್ಕಿಗೆ ಕಳೆಯಬೇಕು ಎಂಬುದನ್ನು ನಾವು ಬರೆದ ಮಾತು ಸೂಚಿಸುತ್ತದೆ.

ಈ ಹೆಜ್ಜೆಗಳೆಲ್ಲ ಒಂದೇ ಬಗೆಯವಲ್ಲ. ಮೊದಲ ಹೆಜ್ಜೆಗಳಲ್ಲಿ ನಾಯ್ಸ್ ದಟ್ಟವಾಗಿರುವುದರಿಂದ ದೊಡ್ಡ ಆಕಾರಗಳಷ್ಟೇ ನಿರ್ಧಾರವಾಗುತ್ತವೆ: ಎಲ್ಲಿ ಕತ್ತಲು, ಎಲ್ಲಿ ಬೆಳಕು, ಎಡಕ್ಕೆ ಭಾರವೋ ಬಲಕ್ಕೋ. ಕಲ್ಲಿನ ಹರಳು, ಬಟ್ಟೆಯ ನೆರಿಗೆ ಬರುವುದು ಕೊನೆಯ ಹೆಜ್ಜೆಗಳಲ್ಲಿ. ಈ ಮಾತು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮಾತಿನಿಂದ ಜಾಗ ಹೇಳುವುದು ಕಷ್ಟ. ಎಡಕ್ಕೆ ಕ್ರೇನ್, ಬಲಕ್ಕೆ ಚಕ್ರ ಎಂದು ಬರೆದರೂ ಕ್ರೇನ್ ನಡುವೆ ಬಂದು ಕೂರಬಹುದು, ಎರಡು ಕ್ರೇನ್ ಬರಬಹುದು. ತರಬೇತಿಯ ಚಿತ್ರಗಳ ಜೊತೆಗಿದ್ದ ವಿವರಣೆಗಳಲ್ಲಿ ಏನಿದೆ ಎಂಬ ಸುದ್ದಿ ಇರುತ್ತದೆಯೇ ಹೊರತು ಯಾವುದು ಯಾವುದರಿಂದ ಎಷ್ಟು ದೂರ ಎಂಬ ಲೆಕ್ಕ ಇರುವುದು ಅಪರೂಪ. ಹಾಗಾದರೆ ಗೀಚನ್ನೇ ಕೊಟ್ಟುಬಿಟ್ಟರೆ? ಅದಕ್ಕೂ ಒಂದು ದಾರಿ ಮೊದಲಿನಿಂದ ಇತ್ತು. ಬರೀ ನಾಯ್ಸಿನ ಬದಲು, ನಮ್ಮ ಚಿತ್ರದ ಮೇಲೆ ಒಂದಿಷ್ಟು ನಾಯ್ಸ್ ಬೆರೆಸಿ ಅಲ್ಲಿಂದ ಶುರುಮಾಡುವುದು. ನಾಯ್ಸ್ ಕಡಿಮೆ ಹಾಕಿದರೆ ಬಿಳಿ ಹಾಳೆಯ ಮೇಲಿನ ಮಾರ್ಕರ್ ಗೆರೆ ಹಾಗೆಯೇ ಉಳಿಯುತ್ತದೆ, ಕಲ್ಲೂ ಬಿಳಿ, ಆಕಾಶವೂ ಬಿಳಿ. ಜಾಸ್ತಿ ಹಾಕಿದರೆ ಬಣ್ಣ ಬರುತ್ತದೆ, ಆದರೆ ಗೆರೆ ಅಳಿಸಿಹೋಗಿ ಕ್ರೇನ್ ಎಲ್ಲೆಲ್ಲಿಗೋ ಹೋಗುತ್ತದೆ. ಜಾಗದ ಸುದ್ದಿಯೂ ಬಣ್ಣದ ಸುದ್ದಿಯೂ ಒಂದೇ ಚುಕ್ಕಿಗಳಲ್ಲಿ ಬೆಸೆದುಕೊಂಡಿರುವುದರಿಂದ ಒಂದನ್ನು ಕೆಡಿಸದೆ ಇನ್ನೊಂದನ್ನು ಬದಲಿಸಲಾಗದು. ಎರಡರ ನಡುವೆ ಸರಿಯಾದ ಅಳತೆ ಹುಡುಕುತ್ತಾ ಕೂತವರಿಗೆ ಆ ಅಳತೆ ಸಿಗದಿದ್ದುದು ಇದೇ ಕಾರಣಕ್ಕೆ.

2023ರ ಫೆಬ್ರವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ವಮಿನ್ ಜಾಂಗ್, ಅನ್ಯಿ ರಾವ್ ಮತ್ತು ಮನೀಶ್ ಅಗ್ರವಾಲ ಕಂಟ್ರೋಲ್‌ನೆಟ್ ಎಂಬ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ನಡೆದ ಕಂಪ್ಯೂಟರ್ ದೃಷ್ಟಿಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದಕ್ಕೆ ಅತ್ಯುತ್ತಮ ಪ್ರಬಂಧಕ್ಕೆ ಕೊಡುವ ಮಾರ್ ಪ್ರಶಸ್ತಿ ಬಂತು. ಗೀಚಿಗೆ ಬೇರೆಯೇ ಒಂದು ಬಾಗಿಲು ತೆರೆದದ್ದು ಅವರ ಉಪಾಯ.

ಚಿತ್ರ ಬರೆಯುವ ಮೂಲ ಮಾದರಿಯಲ್ಲಿ ಎರಡು ಅರ್ಧಗಳಿವೆ. ಮೊದಲರ್ಧ ನಾಯ್ಸ್ ತುಂಬಿದ ಚಿತ್ರವನ್ನು ನೋಡಿ ಅರ್ಥಮಾಡಿಕೊಳ್ಳುತ್ತದೆ, ಎರಡನೆಯ ಅರ್ಧ ಆ ಅರ್ಥದಿಂದ ಚಿತ್ರವನ್ನು ಕಟ್ಟುತ್ತದೆ. ಕಂಟ್ರೋಲ್‌ನೆಟ್ ಮೂಲ ಮಾದರಿಯನ್ನು ಮುಟ್ಟುವುದಿಲ್ಲ, ಅದಕ್ಕೆ ಬೀಗ ಹಾಕುತ್ತದೆ. ಬದಲಿಗೆ ಮೊದಲರ್ಧದ ಒಂದು ನಕಲು ಮಾಡಿಕೊಂಡು, ಆ ನಕಲಿಗೆ ಗೀಚನ್ನೂ ತೋರಿಸುತ್ತದೆ. ನಕಲು ಗೀಚಿನಿಂದ ಗ್ರಹಿಸಿದ್ದನ್ನು ಮೂಲ ಮಾದರಿಯ ಎರಡನೆಯ ಅರ್ಧಕ್ಕೆ ಹಲವು ಮಟ್ಟಗಳಲ್ಲಿ ಕೂಡಿಸಲಾಗುತ್ತದೆ. ಕಲ್ಲು ಹೇಗಿರುತ್ತದೆ, ನೀರು ಹೇಗೆ ಹೊಳೆಯುತ್ತದೆ ಎಂಬ ತಿಳಿವಳಿಕೆ ಬೀಗದೊಳಗೆ ಭದ್ರವಾಗಿ ಉಳಿಯಿತು. ಯಾವುದು ಎಲ್ಲಿ ಎಂಬುದು ಹೊಸ ಬಾಗಿಲಿನಿಂದ ಬಂತು.

ಇಲ್ಲಿ ಒಂದು ತೊಡಕಿದೆ, ಅದನ್ನು ಬಿಡಿಸಿದ ರೀತಿ ನನಗೆ ಇಡೀ ಪ್ರಬಂಧದಲ್ಲೇ ಅತಿ ಸುಂದರವಾಗಿ ಕಂಡ ಭಾಗ. ತರಬೇತಿ ಶುರುವಾದಾಗ ಹೊಸ ಬಾಗಿಲಿಗೆ ಏನೂ ಗೊತ್ತಿರುವುದಿಲ್ಲ. ಅದು ಕಳಿಸುವ ಅಸಂಬದ್ಧ ಸಂಖ್ಯೆಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದ ಮಾದರಿಯನ್ನು ಮೊದಲ ದಿನವೇ ಹಾಳುಮಾಡಬಹುದು. ಅದಕ್ಕೆ ಅವರು ಬಾಗಿಲಿನ ಕೀಲುಗಳಲ್ಲಿ ಎಲ್ಲ ಗುಣಕಗಳನ್ನೂ ಸೊನ್ನೆಯಲ್ಲಿ ಇಟ್ಟರು. ಒಂದು ಕೀಲಿನ ಲೆಕ್ಕವನ್ನು ಸರಳವಾಗಿ y = wx + b ಎಂದು ಬರೆಯೋಣ. x ಎಂಬುದು ಗೀಚಿನಿಂದ ಬಂದ ಸುದ್ದಿ, w ಮತ್ತು b ಕಲಿಯಬೇಕಾದ ಸಂಖ್ಯೆಗಳು. ಎರಡೂ ಸೊನ್ನೆಯಾದ್ದರಿಂದ y ಕೂಡ ಸೊನ್ನೆ. ಮೊದಲ ದಿನ ಬಾಗಿಲಿನಿಂದ ಏನೂ ಬರುವುದಿಲ್ಲ, ಮಾದರಿ ಮೊದಲಿನಂತೆಯೇ ಬರೆಯುತ್ತದೆ.

ಎಲ್ಲ ಸೊನ್ನೆಯಾದರೆ ಕಲಿಯುವುದು ಹೇಗೆ ಎಂಬ ಪ್ರಶ್ನೆ ಸಹಜ. w ಅನ್ನು ಚೂರು ಅಲುಗಾಡಿಸಿದರೆ y ಎಷ್ಟು ಅಲುಗುತ್ತದೆ ಎಂಬುದು x ಅನ್ನು ಅವಲಂಬಿಸಿದೆ, w ಅನ್ನು ಅಲ್ಲ. x ಸೊನ್ನೆಯಲ್ಲ, ಗೀಚು ಅಲ್ಲಿದೆ. ಆದ್ದರಿಂದ ಮೊದಲ ಹೆಜ್ಜೆಯಲ್ಲೇ w ಸೊನ್ನೆಯಿಂದ ಕದಲುತ್ತದೆ. ಅದು ಕದಲಿದ ಮೇಲೆ ಅದರ ಹಿಂದಿರುವ ನಕಲೂ ಕಲಿಯತೊಡಗುತ್ತದೆ.

ಕಲಿಕೆ ನಡೆದ ಬಗೆಯೂ ವಿಚಿತ್ರ. ಗೀಚನ್ನು ಅನುಸರಿಸುವುದು ದಿನದಿಂದ ದಿನಕ್ಕೆ ಚೂರು ಚೂರು ಸುಧಾರಿಸುತ್ತದೆ ಎಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ. ಸಾವಿರಾರು ಹೆಜ್ಜೆಗಳವರೆಗೆ ಮಾದರಿ ಚೆಂದದ ಚಿತ್ರಗಳನ್ನು ಬರೆಯುತ್ತಲೇ ಇರುತ್ತದೆ, ಗೀಚನ್ನು ಮಾತ್ರ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗೆರೆಯನ್ನು ಹಿಡಿಯತೊಡಗುತ್ತದೆ. ಸಾಮಾನ್ಯವಾಗಿ ಹತ್ತು ಸಾವಿರ ಹೆಜ್ಜೆಗಳೊಳಗೆ ಇದು ಸಂಭವಿಸುತ್ತದೆ ಎಂದು ಜಾಂಗ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಅವರು ಕೊಟ್ಟ ಉದಾಹರಣೆಯಲ್ಲಿ ಆ ತಿರುವು ಬಂದದ್ದು 6133ನೆಯ ಹೆಜ್ಜೆಯಲ್ಲಿ.

ಅದಕ್ಕೆ ಕಲಿಸಲು ಗೀಚುಗಳು ಎಲ್ಲಿಂದ ಬಂದವು? ಮನುಷ್ಯರಿಂದ ಲಕ್ಷಾಂತರ ಗೀಚುಗಳನ್ನು ಬರೆಸುವುದು ಆಗದ ಮಾತು. ಆದ್ದರಿಂದ ತಿರುಗಾಮುರುಗಾ ಮಾಡಿದರು. ಮೊದಲು ಚಿತ್ರ, ಆಮೇಲೆ ಅದರಿಂದ ಗೀಚು. ಚಿತ್ರದಲ್ಲಿನ ಅಂಚುಗಳನ್ನು ತಂತ್ರಾಂಶದಿಂದ ತೆಗೆದು, ಆ ಅಂಚುಗಳನ್ನು ಬೇಕೆಂದೇ ಕೆಡಿಸಿದರು. ಕೆಲವೆಡೆ ದಪ್ಪ ಮಾಡಿದರು, ಕೆಲವೆಡೆ ತೆಳು ಮಾಡಿದರು, ಕೆಲವು ತುಂಡುಗಳನ್ನು ಅಳಿಸಿಯೇ ಬಿಟ್ಟರು. ಹೀಗೆ ಸುಮಾರು ಐದು ಲಕ್ಷ ಜೋಡಿಗಳು ಸಿದ್ಧವಾದವು.

ಈ ಕೆಡಿಸುವಿಕೆಯಿಂದ ಹುಟ್ಟಿದ ಒಂದು ಗುಣವನ್ನು ಬಳಸುವವರು ತಿಳಿದಿರಲೇಬೇಕು. ಗೆರೆಗಳನ್ನು ಅಳಿಸಿ ಕಲಿಸಿದ್ದರಿಂದ, ಗೆರೆ ಇಲ್ಲದ ಜಾಗದಲ್ಲೂ ವಸ್ತು ಇರಬಹುದು ಎಂದು ಮಾದರಿ ಕಲಿತಿದೆ. ನಮ್ಮ ಚಿತ್ರದ ಬಲಮೂಲೆಯನ್ನು ಪಾಠದ ಹೆಸರಿಗೆಂದು ಖಾಲಿ ಬಿಟ್ಟಿದ್ದೆವಲ್ಲ, ಮಾದರಿಗೆ ಅದು ಖಾಲಿಯಲ್ಲ, ತನ್ನ ಇಷ್ಟಕ್ಕೆ ಬಿಟ್ಟದ್ದು ಎಂದು ಅರ್ಥ. ಅಲ್ಲೊಂದು ಶೆಡ್ಡು, ಒಂದು ಮರ, ಮೋಡದ ರಾಶಿ ಬಂದು ಕೂರುತ್ತದೆ. ಖಾಲಿ ಬೇಕಿದ್ದರೆ ಅದಕ್ಕೂ ಗೆರೆ ಬೇಕು. ಶೆಡ್ಡಿನ ಗೋಡೆಯ ಅಂಚನ್ನು ಎಳೆದು, ಬರೆದ ಮಾತಿನಲ್ಲಿ ಬರೀ ಗೋಡೆ ಎಂದು ಹೇಳಿದರೆ ಆ ಮೂಲೆ ಸುಮ್ಮನಿರುತ್ತದೆ. ಸ್ಟೇಬಲ್ ಡಿಫ್ಯೂಷನ್ನಿನ ಈ ಹಳೆಯ ಮಾದರಿಗಳು ಇಂಗ್ಲಿಷ್ ವಿವರಣೆಗಳಿಂದ ಕಲಿತವು, ಆದ್ದರಿಂದ ಮಾತನ್ನು ಇಂಗ್ಲಿಷಿನಲ್ಲೇ ಕೊಡಬೇಕು. ಚಿತ್ರದೊಳಗೆ ಕನ್ನಡ ಫಲಕ ಬರೆಸಲು ಹೋಗಬೇಡಿ, ಅಕ್ಷರದಂತೆ ಕಾಣುವ ಸುರುಳಿಗಳಷ್ಟೇ ಬರುತ್ತವೆ. ಫಲಕವನ್ನು ಬರಿದಾಗಿ ಉಳಿಸಿ ಆಮೇಲೆ ಅಚ್ಚಿನ ಅಕ್ಷರ ಕೂರಿಸುವುದೇ ಸರಿ.

ಈಗ ನಮ್ಮ ಹಾಳೆಗೆ ಬರೋಣ. ಮೊಬೈಲಿನಲ್ಲಿ ನೇರ ಮೇಲಿನಿಂದ ಫೋಟೊ ತೆಗೆಯಬೇಕು. ಓರೆಯಾಗಿ ತೆಗೆದರೆ ಕ್ರೇನಿನ ಕಾಲುಗಳು ಒಂದರತ್ತ ಒಂದು ವಾಲುತ್ತವೆ, ಮಾದರಿ ಆ ವಾಲಿಕೆಯನ್ನೂ ನಿಷ್ಠೆಯಿಂದ ಅನುಸರಿಸುತ್ತದೆ. ಹಾಳೆಯ ಮೇಲೆ ಬಿದ್ದ ಕೈಯ ನೆರಳನ್ನು ತೆಗೆದು ಬರೀ ಕಪ್ಪು ಬಿಳುಪು ಉಳಿಸಿಕೊಳ್ಳಬೇಕು. ಇಲ್ಲವಾದರೆ ನೆರಳಿನ ಅಂಚೂ ಒಂದು ಗೆರೆಯಾಗಿ ಅಲ್ಲೊಂದು ಗೋಡೆಯೋ ಹಗ್ಗವೋ ಎದ್ದೇಳುತ್ತದೆ. ಕಂಟ್ರೋಲ್‌ನೆಟ್ ಕಲಿತದ್ದು ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಗೆರೆಗಳಿಂದ, ಆದ್ದರಿಂದ ಬಣ್ಣವನ್ನು ತಿರುಗಿಸಬೇಕು. ತಂತ್ರಾಂಶದಲ್ಲಿ ಅದಕ್ಕೆ `invert` ಎಂಬ ಆಯ್ಕೆ ಇರುತ್ತದೆ. ಗೆರೆಗೂ ಚಿತ್ರಕ್ಕೂ ಯಾವ ಸಂಬಂಧವೂ ಕಾಣದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಅಳತೆಯ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಹಾಳೆಯ ಅಂಚನ್ನು ಚೂರು ಕತ್ತರಿಸಿ ಚಿತ್ರವನ್ನು 704 ಅಗಲ, 512 ಎತ್ತರದ ಚುಕ್ಕಿಗಳಿಗೆ ಇಳಿಸುತ್ತೇವೆ. ಮಾದರಿ ಈ ಚುಕ್ಕಿಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಎಂಟಕ್ಕೆ ಎಂಟು ಚುಕ್ಕಿಗಳ ಒಂದೊಂದು ಚೌಕವನ್ನು ಬರೀ ನಾಲ್ಕು ಸಂಖ್ಯೆಗಳಿಗೆ ಅಡಕಗೊಳಿಸಿ, ಆ ಅಡಕದಲ್ಲೇ ನಾಯ್ಸ್ ಕಳೆಯುತ್ತದೆ. ಅಂದರೆ ನಮ್ಮ ಇಡೀ ಅಂಗಳ ಅದರ ಪಾಲಿಗೆ 88 ಅಗಲ, 64 ಎತ್ತರದ ಚೌಕಗಳ ಒಂದು ಹಾಸು. ಹಾಳೆಯ 210 ಮಿಲಿಮೀಟರ್ ಎತ್ತರ 64 ಚೌಕಗಳಾದಾಗ ಒಂದು ಚೌಕಕ್ಕೆ ಸುಮಾರು 3.3 ಮಿಲಿಮೀಟರ್. ಹಾಳೆಯಲ್ಲಿ ನಾವು ಬರೆದ ಕೆಲಸಗಾರ 25 ಮಿಲಿಮೀಟರ್ ಎತ್ತರ ಇದ್ದಾನೆ ಎಂದರೆ ಅವನಿಗೆ ಸಿಗುವುದು ಉದ್ದಕ್ಕೆ ಏಳೂವರೆ ಚೌಕ. ಮನುಷ್ಯನ ತಲೆ ಮೈಯ ಸುಮಾರು ಏಳೂವರೆಯಲ್ಲಿ ಒಂದು ಭಾಗ. ಹಾಗಾಗಿ ಅವನ ಇಡೀ ಮುಖಕ್ಕೆ, ಕಣ್ಣು ಮೂಗು ಬಾಯಿ ಹೆಲ್ಮೆಟ್ ಎಲ್ಲ ಸೇರಿ, ಒಂದೇ ಚೌಕ.

ದೂರದ ಮನುಷ್ಯರ ಮುಖ ಕಂಪ್ಯೂಟರ್ ಚಿತ್ರಗಳಲ್ಲಿ ಕರಗಿದಂತೆ ಕಾಣುವುದಕ್ಕೆ ಕಾರಣ ಇದು. ಮಾದರಿಗೆ ಮುಖ ಬರೆಯಲು ಬರುವುದಿಲ್ಲ ಎಂದಲ್ಲ, ಬರೆಯಲು ಜಾಗವಿಲ್ಲ. ಗೀಚಿನಲ್ಲಿ ಮುಖವನ್ನು ಇನ್ನಷ್ಟು ಎಚ್ಚರಿಕೆಯಿಂದ ಬರೆದರೂ ಪ್ರಯೋಜನವಿಲ್ಲ. ಪರಿಹಾರ ಬೇರೆ ಇದೆ. ಚಿತ್ರ ಮುಗಿದ ಮೇಲೆ ಕೆಲಸಗಾರನ ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಿ, ಅದನ್ನೇ 512 ಚುಕ್ಕಿಗಳ ಎತ್ತರಕ್ಕೆ ಹಿಗ್ಗಿಸಿ, ಗೀಚಿನ ಅದೇ ತುಂಡನ್ನು ಅದೇ ಅಳತೆಗೆ ಹಿಗ್ಗಿಸಿ ಜೊತೆಗಿಟ್ಟು, ಆ ಭಾಗವನ್ನು ಮಾತ್ರ ಮತ್ತೆ ಬರೆಸಬೇಕು. ಆಗ ತಲೆಗೆ ಏಳೆಂಟು ಚೌಕದ ಎತ್ತರ ಸಿಗುತ್ತದೆ. ಬಳಿಕ ತುಂಡನ್ನು ಇಳಿಸಿ ಸ್ವಸ್ಥಾನಕ್ಕೆ ಕೂರಿಸುವುದು. ಮುದ್ರಣಕ್ಕೆ ಕೊಡುವಾಗ ಇಡೀ ಚಿತ್ರವನ್ನು ಹೇಗಿದ್ದರೂ ದೊಡ್ಡದು ಮಾಡಬೇಕಾಗುತ್ತದೆ, ಅದಾದ ಮೇಲೆ ಈ ತುಂಡಿನ ಕೆಲಸಕ್ಕೆ ಕೈಹಾಕಿದರೆ ಗಳಿಸಿದ ವಿವರ ಕಳೆದುಹೋಗುವುದಿಲ್ಲ.

ಇನ್ನು ಹಿಡಿತ ಎಷ್ಟಿರಬೇಕು ಎಂಬುದು. ತಂತ್ರಾಂಶದಲ್ಲಿ `Control Weight` ಎಂಬ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 1. ಬಾಗಿಲಿನಿಂದ ಬಂದ ಸುದ್ದಿಯನ್ನು ಅದರಿಂದ ಗುಣಿಸಿ ಕೂಡಿಸುತ್ತಾರೆ. ಅದನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ವಸ್ತುಗಳು ಜಾಗ ಬಿಡತೊಡಗುತ್ತವೆ. ಬಹಳ ಏರಿಸಿದರೆ ನಡುಗುವ ಕೈಯ ಪ್ರತಿಯೊಂದು ಸೊಟ್ಟವೂ ಉಕ್ಕಿನ ತೊಲೆಯ ಸೊಟ್ಟವಾಗುತ್ತದೆ, ಕ್ರೇನ್ ಮೇಣದಲ್ಲಿ ಮಾಡಿದಂತೆ ಕಾಣುತ್ತದೆ. ಒರಟು ಗೀಚಿಗೆ ಒಳ್ಳೆಯ ಉಪಾಯ ಇನ್ನೊಂದು ಸಂಖ್ಯೆಯಲ್ಲಿದೆ. ದೊಡ್ಡ ಆಕಾರಗಳು ಮೊದಲ ಹೆಜ್ಜೆಗಳಲ್ಲೇ ನಿಲ್ಲುತ್ತವೆ ಎಂದೆನಲ್ಲ. `Ending Control Step` ಅನ್ನು 0.6ಕ್ಕೆ ಇಟ್ಟರೆ ಇಪ್ಪತ್ತರಲ್ಲಿ ಮೊದಲ ಹನ್ನೆರಡು ಹೆಜ್ಜೆಗಳಲ್ಲಿ ಮಾತ್ರ ಗೀಚಿನ ಮಾತು ನಡೆಯುತ್ತದೆ. ಅಷ್ಟರಲ್ಲಿ ಕ್ರೇನ್, ಬ್ಲಾಕ್, ಚಕ್ರ ತಮ್ಮ ತಮ್ಮ ಜಾಗ ಹಿಡಿದಿರುತ್ತವೆ. ಉಳಿದ ಎಂಟು ಹೆಜ್ಜೆಗಳಲ್ಲಿ ಮಾದರಿ ತನ್ನ ತಿಳಿವಳಿಕೆಯಿಂದ ತೊಲೆಯನ್ನು ನೇರಮಾಡುತ್ತದೆ, ಕಲ್ಲಿಗೆ ಹರಳು ಕೊಡುತ್ತದೆ. ಕೈ ಪಳಗಿದ ಕಲಾವಿದರ ಖಚಿತ ರೇಖೆಯಾದರೆ ಇಷ್ಟು ಬೇಗ ಕೈಬಿಡಬಾರದು, ಅಲ್ಲಿ ಸೊಟ್ಟವೂ ಉದ್ದೇಶಪೂರ್ವಕವಾಗಿರಬಹುದು.

ಜಾಗ ಸರಿಯಾಯಿತು ಎಂದ ಮಾತ್ರಕ್ಕೆ ಅಲ್ಲಿರುವ ವಸ್ತುವೂ ಸರಿ ಎಂದಲ್ಲ. ಸ್ಲ್ಯಾಬುಗಳ ಸ್ಟ್ಯಾಂಡನ್ನು ಗಮನಿಸಿ. ಗೀಚಿನಲ್ಲಿ ಅದು ಒರಗಿದ ಕೆಲವು ಓರೆ ಗೆರೆಗಳು, ಅಷ್ಟೆ. ಅದೇ ಗೆರೆಗಳು ಡೇರೆಯೂ ಆಗಬಹುದು, ಮಡಚಿಟ್ಟ ಏಣಿಯೂ ಆಗಬಹುದು. ಗ್ರಾನೈಟ್ ಎಂಬ ಮಾತಷ್ಟೇ ಕೊಟ್ಟರೆ ಮಾದರಿ ಅಡುಗೆಮನೆಯ ಕಟ್ಟೆಯ ಕಡೆ ಎಳೆಯುತ್ತದೆ, ಅದು ಹೆಚ್ಚಾಗಿ ನೋಡಿರುವ ಗ್ರಾನೈಟ್ ಅದೇ ಅಲ್ಲವೇ. ಕಾರ್ಖಾನೆಯ ಅಂಗಳ, ಉಕ್ಕಿನ ಚೌಕಟ್ಟು, ಒರಗಿಸಿದ ಕಲ್ಲಿನ ಹಲಗೆಗಳು ಎಂದು ಬಿಡಿಸಿ ಹೇಳಬೇಕು. ಗೆರೆ ಎಲ್ಲಿ ಎಂದು ಹೇಳುತ್ತದೆ, ಏನು ಎಂಬುದನ್ನು ಮಾತೇ ಹೇಳಬೇಕು. ಎರಡೂ ಮೌನವಾದ ಕಡೆ ಮಾದರಿ ತನಗೆ ಅಭ್ಯಾಸವಾದದ್ದನ್ನು ತುಂಬುತ್ತದೆ.

ಫಲಿತಾಂಶ ಗೀಚಿಗೆ ನಿಷ್ಠವಾಗಿದೆಯೇ ಎಂದು ಕಣ್ಣಂದಾಜಿನಲ್ಲಿ ನಿರ್ಧರಿಸಬಾರದು. ಮುಗಿದ ಚಿತ್ರದ ಚೆಲುವು ನಮ್ಮ ಗಮನವನ್ನು ಮುಖ್ಯವಾದುದರಿಂದ ಬೇರೆಡೆಗೆ ಸೆಳೆಯುತ್ತದೆ. ಮೂಲ ಗೀಚನ್ನು ಕೆಂಪು ಬಣ್ಣಕ್ಕೆ ತಿರುಗಿಸಿ, ಅರೆಪಾರದರ್ಶಕವಾಗಿ ಚಿತ್ರದ ಮೇಲೆ ಹಾಸಿ ನೋಡಿ. ಪ್ರತಿ ಕೆಂಪು ಗೆರೆಯ ಕೆಳಗೆ ಒಂದು ಅಂಚು ಇದೆಯೇ? ಇಲ್ಲದಿದ್ದರೆ ಏನೋ ಕಳೆದಿದೆ. ಆಮೇಲೆ ತಿರುಗಿಸಿ ಕೇಳಬೇಕು: ಕೆಂಪು ಗೆರೆಯಿಲ್ಲದ ಕಡೆ ಹೊಸ ವಸ್ತು ಏನಾದರೂ ಹುಟ್ಟಿದೆಯೇ? ನಮ್ಮ ಅಂಗಳದಲ್ಲಿ ಹೆಚ್ಚು ಅಪಾಯಕಾರಿ ಈ ಎರಡನೆಯದು. ಬ್ಲಾಕಿನ ಕೆಳಗಿನ ಬರಿದು ನೆಲದಲ್ಲಿ ಮಾದರಿ ಇನ್ನೊಬ್ಬ ಕೆಲಸಗಾರನನ್ನು ತಂದು ನಿಲ್ಲಿಸಿದರೆ ಕೆಂಪು ಗೆರೆಗಳೆಲ್ಲ ಸರಿಯಾಗಿಯೇ ಹೊಂದುತ್ತವೆ, ಚಿತ್ರ ಮಾತ್ರ ಪೂರ್ತಿ ತಪ್ಪು.

ಕೆಂಪು ಗೆರೆಯ ಪರೀಕ್ಷೆಗೂ ಸಿಗದ ತಪ್ಪುಗಳಿವೆ. ಸರಪಳಿ ಬ್ಲಾಕನ್ನು ಸುತ್ತಿರುವಂತೆ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಕಲ್ಲಿನೊಳಗೆ ಹೊಕ್ಕು ಮಾಯವಾಗಿರುತ್ತದೆ. ಚಕ್ರಕ್ಕೆ ನೀರು ಬೀಳುತ್ತಿರುತ್ತದೆ, ನೀರಿನ ಪೈಪಿಗೆ ಮೂಲವೇ ಇರುವುದಿಲ್ಲ. ಜಾಗಕ್ಕೆ ಸಂಬಂಧಿಸಿದ ಗೆರೆಯಿಂದ ಯಂತ್ರದ ತರ್ಕ ಬರುವುದಿಲ್ಲ, ಮಾದರಿಗೆ ಕ್ರೇನ್ ಕಾಣುವ ರೀತಿ ಗೊತ್ತೇ ಹೊರತು ಕ್ರೇನ್ ಎತ್ತುವ ರೀತಿ ಗೊತ್ತಿಲ್ಲ. ಆದ್ದರಿಂದ ಮಕ್ಕಳ ಪುಸ್ತಕ ಮಾಡುವ ಪ್ರಕಾಶಕರಲ್ಲಿ, ಶಾಲೆಯ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಹೀಗೆ ಮಾಡಿದ ಚಿತ್ರವನ್ನು ಅಚ್ಚಿಗೆ ಕಳಿಸುವ ಮುನ್ನ ಆ ಯಂತ್ರದ ಮುಂದೆ ದಿನವೂ ನಿಲ್ಲುವ ಒಬ್ಬರಿಗೆ ತೋರಿಸಿ, ಅವರು ತಪ್ಪು ಎಂದ ಕಡೆ ಗೀಚನ್ನೇ ತಿದ್ದಿ ಮತ್ತೆ ಬರೆಸಿ. ಗೀಚಿನ ಹಾಳೆಯನ್ನೂ, ಕೊಟ್ಟ ಮಾತನ್ನೂ, ತಂತ್ರಾಂಶ `Seed` ಎಂದು ತೋರಿಸುವ ಸಂಖ್ಯೆಯನ್ನೂ ಮಾದರಿಯ ಹೆಸರಿನೊಂದಿಗೆ ಎತ್ತಿಡಿ. ಅದೇ ಮಾದರಿಗೆ, ಅದೇ ಹೊಂದಿಕೆಯಲ್ಲಿ, ಅವನ್ನೇ ಮತ್ತೆ ಕೊಟ್ಟರೆ ಬಹುಮಟ್ಟಿಗೆ ಅದೇ ಚಿತ್ರ ಬರುತ್ತದೆ, ಗೆರೆ ತಿದ್ದಿದ್ದರೆ ಮುಖ್ಯವಾಗಿ ಆ ಕಡೆ ಬೇರೆಯಾಗಿರುತ್ತದೆ.